ಜೋಗ–ಉಂಚಳ್ಳಿ: ಜುಲೈ 31ರ ರಾತ್ರಿ ಹೊರಟು ಆಗಸ್ಟ್ 2ರ ರಾತ್ರಿ ವಾಪಸ್

ಹನ್ನೊಂದು ಜನರ ಟಿಕೆಟ್ ಆಗಿದೆ. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ತಾಳಗುಪ್ಪದ ರೈಲು ಹತ್ತುವುದು, ಶನಿವಾರ ಬೆಳಿಗ್ಗೆ ತಾಳಗುಪ್ಪದಲ್ಲಿ ಇಳಿಯುವುದು, ಭಾನುವಾರ ರಾತ್ರಿ ಅಲ್ಲಿಂದಲೇ ಮರಳುವುದು. ನಡುವಿನ ಎರಡು ದಿನಕ್ಕೆ ಸಿದ್ದಾಪುರದ ಟೆಂಪೊ ಟ್ರಾವೆಲರ್ ಗೊತ್ತು ಮಾಡಿದ್ದೇವೆ, ಚಾಲಕರೂ ಅದೇ ಊರಿನವರು. ಉಳಿಯುವುದು ಸಿದ್ದಾಪುರದ ಹತ್ತಿರ ಒಂದು ತೋಟದ ಮನೆಯಲ್ಲಿ.

ಕಾರಿನಲ್ಲೇ ಹೋಗೋಣ ಎಂದವರಿಗೆ ಒಂದು ಮಾತು. ವಾರವೆಲ್ಲ ದುಡಿದು, ರಾತ್ರಿಯಿಡೀ ಮಳೆಯಲ್ಲಿ ಗಾಡಿ ಓಡಿಸಿ, ನಿದ್ದೆಗೆಟ್ಟ ಕಣ್ಣಲ್ಲಿ ಮಲೆನಾಡಿನ ತಿರುವು ದಾಟುವುದು ಈ ಪ್ರವಾಸದ ಎಲ್ಲ ಅಪಾಯಗಳಿಗಿಂತ ದೊಡ್ಡದು. ಇನ್ನೊಂದು ಕಾರಣವೂ ಇದೆ. ತಾಳಗುಪ್ಪ, ಜೋಗ, ಸಿದ್ದಾಪುರ ಮೂರೂ ಘಟ್ಟದ ಮೇಲಿನ ಊರುಗಳು. ನಮ್ಮ ದಾರಿಯಲ್ಲಿ ಒಂದೂ ಘಾಟಿ ಇಳಿಯುವುದಿಲ್ಲ. ಜೋಗದಿಂದ ಗೇರುಸೊಪ್ಪೆಗೆ ಇಳಿದು ಹೊನ್ನಾವರದ ಕಡಲು ನೋಡಿ ಬರೋಣ ಎಂಬ ಸಲಹೆಯನ್ನು ಬೇಕೆಂದೇ ಕೈಬಿಟ್ಟಿದ್ದೇವೆ. ಇಳಿದ ಮೇಲೆ ಘಾಟಿ ಬಂದ್ ಆದರೆ ರೈಲಿನ ಹೊತ್ತಿಗೆ ಮೇಲೆ ಬರಲಾಗುವುದಿಲ್ಲ.

ಹೋಗುವುದೋ ಬಿಡುವುದೋ

ಇದನ್ನು ಗುರುವಾರ ಸಂಜೆ ಆರಕ್ಕೆ ತೀರ್ಮಾನಿಸುತ್ತೇವೆ. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಶಿವಮೊಗ್ಗ, ಉತ್ತರ ಕನ್ನಡ ಎರಡೂ ಜಿಲ್ಲೆಗಳಿಗೆ ನೋಡಬೇಕು, ಯಾಕೆಂದರೆ ಜೋಗ ಇರುವುದೇ ಗಡಿಯಲ್ಲಿ, ಉಂಚಳ್ಳಿ ಜಲಪಾತ ಇರುವುದು ಆಚೆ, ಉತ್ತರ ಕನ್ನಡದಲ್ಲಿ. ಶನಿವಾರಕ್ಕೋ ಭಾನುವಾರಕ್ಕೋ ಎರಡರಲ್ಲಿ ಒಂದು ಜಿಲ್ಲೆಗಾದರೂ ರೆಡ್ ಅಲರ್ಟ್ ಇದ್ದರೆ ಪ್ರವಾಸ ಮುಂದಕ್ಕೆ. ರೆಡ್ ಅಂದರೆ 24 ಗಂಟೆಯಲ್ಲಿ 204.4 ಮಿ.ಮೀ. ಮೀರುವ ಮಳೆಯ ಸೂಚನೆ. ಟಿಕೆಟ್ ರದ್ದಾದ ದುಡ್ಡು ಹೋದರೆ ಹೋಗಲಿ. ಆರೆಂಜ್ ಇದ್ದರೆ ಹೊರಡುತ್ತೇವೆ, ಆದರೆ ಉಂಚಳ್ಳಿ ಇಲ್ಲ. ಯೆಲ್ಲೋ ಅಥವಾ ಹಸಿರಿದ್ದರೆ ಪೂರ್ತಿ ಯೋಜನೆ.

ಇದಕ್ಕಿಂತ ಸುಲಭದ ಅಳತೆಗೋಲು ಒಂದಿದೆ: ಸಿದ್ದಾಪುರ ತಾಲ್ಲೂಕಿನ ಶಾಲೆಗಳಿಗೆ ಮಳೆ ರಜೆ ಘೋಷಿಸಿದ್ದಾರೆಯೇ? ಅಲ್ಲಿಯ ಮಕ್ಕಳು ಸಾಧಾರಣ ಮಳೆಗೆ ಮನೆಯಲ್ಲಿ ಕೂರುವವರಲ್ಲ. ರಜೆ ಕೊಟ್ಟಿದ್ದಾರೆ ಅಂದರೆ ಹಳ್ಳ ದಾಟುವ ಸ್ಥಿತಿಯಲ್ಲಿಲ್ಲ ಎಂದೇ ಅರ್ಥ.

ಮುನ್ಸೂಚನೆಯಷ್ಟೇ ಮುಖ್ಯ ಹಿಂದಿನ ಮೂರು ದಿನದ ಮಳೆ. ನೆಲ ನೀರು ಕುಡಿದು ತುಂಬಿದ ಮೇಲೆ ಬೀಳುವ ಸಾಧಾರಣ ಮಳೆಯೂ ನೇರ ಹಳ್ಳಕ್ಕೆ ಹರಿಯುತ್ತದೆ, ಗುಡ್ಡವನ್ನೂ ಸಡಿಲಿಸುತ್ತದೆ. ಬೆಳಿಗ್ಗೆ ಬಿಸಿಲು ಬಂತು, ಎಲ್ಲ ಸರಿಹೋಯಿತು ಎಂದುಕೊಳ್ಳುವುದು ತಪ್ಪು.

ಶನಿವಾರ: ಎರಡು ಹೊಳೆ, ಎರಡು ಸ್ವಭಾವ

ತಾಳಗುಪ್ಪದಲ್ಲಿ ಇಳಿದು ನೇರ ಮನೆಗೆ, ಸ್ನಾನ, ತಿಂಡಿ. ಒಂಬತ್ತೂವರೆಗೆ ಉಂಚಳ್ಳಿಗೆ ಹೊರಡುವುದು. ಹೆಗ್ಗರಣೆ ದಾಟಿದ ಮೇಲಿನ ದಾರಿ ಕಿರಿದು. ಕೊನೆಯದು ಕಾಡಿನೊಳಗಿನ ನಡಿಗೆ, ಮೆಟ್ಟಿಲು. ಅಘನಾಶಿನಿ 116 ಮೀಟರ್ ಕೆಳಗೆ ಬೀಳುವುದನ್ನು ವೀಕ್ಷಣಾ ಕಟ್ಟೆಯಿಂದ ನೋಡಿ ಅಲ್ಲಿಂದಲೇ ಹಿಂದಿರುಗುತ್ತೇವೆ. ಕಂಬಿ ದಾಟಿ ಬುಡಕ್ಕೆ ಇಳಿಯುವ ಜಾಡು ಕಂಡರೂ ಅತ್ತ ಯಾರೂ ಹೋಗಬಾರದು. ಹಾವಸೆ ಕಟ್ಟಿದ ಬಂಡೆಯ ಮೇಲೆ ಎಂಥ ದುಬಾರಿ ಶೂ ಕೂಡ ನಿಲ್ಲುವುದಿಲ್ಲ.

ಎರಡು ಹೊಳೆಗಳ ವ್ಯತ್ಯಾಸ ತಿಳಿದಿರಲಿ. ಅಘನಾಶಿನಿಗೆ ಅಣೆಕಟ್ಟಿಲ್ಲ. ಮೇಲೆ ಶಿರಸಿ ಕಡೆ ಸುರಿದದ್ದು ಯಾರ ಅಪ್ಪಣೆಯನ್ನೂ ಕೇಳದೆ ಕೆಳಗೆ ಬರುತ್ತದೆ, ಸೈರನ್ ಕೂಗುವವರು ಯಾರೂ ಇಲ್ಲ. ಶರಾವತಿಗೆ ಜೋಗದ ಮೇಲೆ ಲಿಂಗನಮಕ್ಕಿ ಇದೆ. ಜಲಾಶಯದ ಪೂರ್ಣ ಮಟ್ಟ 1819 ಅಡಿ, ಅದರ ಹತ್ತಿರ ಬರುವವರೆಗೆ ಸಾಮಾನ್ಯವಾಗಿ ಗೇಟು ತೆಗೆಯುವುದಿಲ್ಲ. ಹಾಗಾಗಿ ಮಳೆ ಧೋ ಎಂದು ಸುರಿಯುತ್ತಿದ್ದರೂ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸಣಕಲಾಗಿ ಕಂಡರೆ ಬೇಸರ ಬೇಡ. ಗೇಟು ತೆಗೆಯುವುದಿದ್ದರೆ ಕೆಳದಂಡೆಯವರಿಗೆ ಮುನ್ನೆಚ್ಚರಿಕೆ ಕೊಡುತ್ತಾರೆ. ಅದು ಪತ್ರಿಕೆಯಲ್ಲೂ ಬರುತ್ತದೆ. ಅಂಥ ದಿನ ಜೋಗ ನೋಡಲು ಅತ್ಯುತ್ತಮ, ಹೊಳೆಯ ಬಳಿ ಸುಳಿಯಲು ಅತಿ ಕೆಟ್ಟ ದಿನ.

ಮೂರೂವರೆಯಿಂದ ಐದರವರೆಗೆ ಜೋಗ. 253 ಮೀಟರಿನ ಕಣಿವೆಯನ್ನು ಮಂಜು ಮುಚ್ಚಿದ್ದರೆ ಬೈದುಕೊಂಡು ಹೊರಡಬೇಡಿ. ಇಪ್ಪತ್ತು ನಿಮಿಷ ಜೋಳ ತಿನ್ನುತ್ತ ನಿಲ್ಲಿ, ಗಾಳಿ ಬಂದು ಪರದೆ ಸರಿಸುವುದುಂಟು. ಕಣಿವೆಗೆ ಇಳಿಯುವ ಮೆಟ್ಟಿಲು ತೆರೆದಿದ್ದರೂ ನಮಗೆ ಬೇಡ. ರಾಜಾ ಬೀಳುವ ಅಂಚಿಗೆ ಹೋಗುವ ಮಾತಂತೂ ಎತ್ತುವುದೇ ಬೇಡ.

ನೀರಿಗೆ ಇಳಿಯುವುದು ಈ ಪ್ರವಾಸದಲ್ಲಿ ಎಲ್ಲೂ ಇಲ್ಲ, ಪಾದ ಮುಳುಗುವಷ್ಟೂ ಇಲ್ಲ. 2024ರ ಜೂನ್ 30ರಂದು ಲೋನಾವಳದ ಭೂಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿ ಹೋದದ್ದು ಹೀಗೇ. ಹರಿವಿನ ನಡುವಿನ ಬಂಡೆಯ ಮೇಲಿದ್ದವರು ದಡಕ್ಕೆ ಬರುವಷ್ಟರಲ್ಲಿ ನೀರು ಏರಿತ್ತು. ಹಳ್ಳದ ಪಕ್ಕ ನಡೆಯುವಾಗ ನೀರು ಕೆಂಪಗಾದರೆ, ತರಗೆಲೆ ಕಡ್ಡಿ ಒಮ್ಮೆಲೇ ತೇಲಿ ಬಂದರೆ, ಸದ್ದು ದಪ್ಪವಾದರೆ ಮಾತು ನಿಲ್ಲಿಸಿ ಎತ್ತರಕ್ಕೆ ಹತ್ತಿ. ಫೋಟೊ ಆಮೇಲೆ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಗಾಡಿ ಅದನ್ನು ದಾಟುವುದಿಲ್ಲ. ಒಂದಡಿ ನೀರು ಸಣ್ಣ ಕಾರನ್ನು ತೇಲಿಸುತ್ತದೆ, ಎರಡಡಿಗೆ ದೊಡ್ಡ ಗಾಡಿಯೂ ಜಗ್ಗುತ್ತದೆ. ಅದಕ್ಕಿಂತ ಮುಖ್ಯ, ಆ ನೀರಿನಡಿ ರಸ್ತೆ ಉಳಿದಿದೆಯೋ ಇಲ್ಲವೋ ಮೇಲಿನಿಂದ ಕಾಣುವುದಿಲ್ಲ.

ಗುಡ್ಡದ ಬದಿಯ ರಸ್ತೆ

ಘಾಟಿ ಇಲ್ಲದಿದ್ದರೂ ಗುಡ್ಡ ಕಡಿದು ಮಾಡಿದ ರಸ್ತೆ ಇದ್ದೇ ಇದೆ. ಬೆಳಿಗ್ಗೆ ಎಂಟಕ್ಕಿಂತ ಮುಂಚೆ, ಸಂಜೆ ಆರರ ನಂತರ ಗಾಡಿ ಅಂಥ ದಾರಿಯಲ್ಲಿ ಇರಬಾರದು. ಕತ್ತಲಲ್ಲಿ ಜರಿದ ಮಣ್ಣು ಹೆಡ್‌ಲೈಟಿಗೆ ಸಿಗುವುದು ತೀರ ಹತ್ತಿರ ಬಂದ ಮೇಲೆ. ಭಾನುವಾರ ತಾಳಗುಪ್ಪಕ್ಕೆ ಆರಕ್ಕೇ ಹೋಗಿ ಕೂರುವುದು ಇದಕ್ಕಾಗಿಯೇ. ಸ್ಟೇಷನ್ನಿನಲ್ಲಿ ಕಾಯುವುದು ಬೇಜಾರು, ಗೊತ್ತು.

ಕಿಟಕಿ ಪಕ್ಕ ಕೂತವರು ನೋಡುತ್ತಿರಬೇಕಾದದ್ದು: ವಾಲಿದ ಮರ ಅಥವಾ ಕರೆಂಟು ಕಂಬ, ರಸ್ತೆಗೆ ಅಡ್ಡಲಾಗಿ ಹೊಸ ಬಿರುಕು, ಧರೆಯ, ಅಂದರೆ ಕಡಿದ ಗುಡ್ಡದ ಗೋಡೆಯ, ನಡುವಿನಿಂದ ಒಸರುವ ಕೆಸರು ನೀರು, ಸಣ್ಣ ಕಲ್ಲು ಉದುರುವುದು. ಕಂಡರೆ ಚಾಲಕರಿಗೆ ಹೇಳಿ. ಮಣ್ಣು ಬಿದ್ದು ದಾರಿ ಕಟ್ಟಿದ್ದರೆ ಇಳಿದು ನೋಡಲು ಹೋಗಬೇಡಿ, ಗಾಡಿಯನ್ನು ಹಿಂದಕ್ಕೆ ತೆಗೆಸಿ. ಮೊದಲ ಕುಸಿತದ ಬೆನ್ನಿಗೇ ಎರಡನೆಯದು ಬರುವುದುಂಟು.

ಚಹಾಕ್ಕೆ, ಮೂತ್ರಕ್ಕೆ, ಫೋಟೊಕ್ಕೆ ಧರೆಯ ಬುಡದಲ್ಲಿ ನಿಲ್ಲಿಸುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗೆಂದು ಕಡಿದ ಗುಡ್ಡ ಕುಸಿದಾಗ ಸಿಕ್ಕಿದ್ದು ಬುಡದಲ್ಲಿದ್ದ ಚಹಾದಂಗಡಿ ಮತ್ತು ಅಲ್ಲಿ ನಿಂತಿದ್ದ ಲಾರಿಗಳು. ಈಚೆ ಗುಡ್ಡ, ಆಚೆ ಗಂಗಾವಳಿ, ಓಡಲು ಜಾಗವೇ ಇರಲಿಲ್ಲ.

ಭಾನುವಾರ: ಕಾಡು ಮತ್ತು ಉಂಬಳ

ಕಾಯ್ದಿಟ್ಟ ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ. ಅದಕ್ಕೇ ನಮ್ಮ ನಡಿಗೆ ಮನೆಯವರದೇ ಸೊಪ್ಪಿನ ಬೆಟ್ಟದಲ್ಲಿ, ಅಡಿಕೆ ತೋಟ ದಾಟಿ ಮೇಲೆ. ಬೆಳಿಗ್ಗೆ ಎಂಟರಿಂದ ಹತ್ತೂವರೆ, ಮನೆಯವರೊಬ್ಬರು ಮುಂದೆ, ನಮ್ಮಲ್ಲೊಬ್ಬರು ಕೊನೆಗೆ. ದಾರಿಯಲ್ಲಿ ಒಂದು ಕಾಲುಸಂಕ ಇದೆ. ಒಬ್ಬರು ಪೂರ್ತಿ ದಾಟಿದ ಮೇಲೆ ಇನ್ನೊಬ್ಬರು. ಪಾದ ಅಡ್ಡಲಾಗಿಟ್ಟು, ಬ್ಯಾಗಿನ ಎದೆಪಟ್ಟಿ ಬಿಚ್ಚಿ ದಾಟಿ, ಬಿದ್ದರೆ ಬ್ಯಾಗು ಕಳಚುವಂತಿರಬೇಕು. ನೀರು ಸಂಕಕ್ಕೆ ತಾಗುತ್ತಿದ್ದರೆ ಅಲ್ಲಿಂದಲೇ ವಾಪಸ್.

ಉಂಬಳ ಅಂದರೆ ಕಾಡಿನ ಜಿಗಣೆ, ಅದು ಹತ್ತಿಯೇ ಹತ್ತುತ್ತದೆ. ಹತ್ತದಂತೆ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಕಡಿಮೆ ಮಾಡಬಹುದು ಅಷ್ಟೇ. ತರಗೆಲೆಯ ಮೇಲೆ ದಾರದೆಳೆಯಂತೆ ಎದ್ದು ನಿಂತು ಅತ್ತಿತ್ತ ತೂಗುತ್ತಿರುತ್ತದೆ. ನೆಲದ ಅದುರು, ಮೈಬಿಸಿ, ಉಸಿರಿನ ಜಾಡು ಹಿಡಿದು ಬರುತ್ತದೆ. ಆದ್ದರಿಂದ ಸಾಲಿನಲ್ಲಿ ಹಿಂದಿರುವವರಿಗೆ ಪಾಲು ಜಾಸ್ತಿ. ನಿಂತಷ್ಟೂ ಹತ್ತುತ್ತವೆ, ನಡೆಯುತ್ತಿರಿ. ಹದಿನೈದು ನಿಮಿಷಕ್ಕೊಮ್ಮೆ ಬಯಲಿನಲ್ಲಿ ನಿಂತು ಒಬ್ಬರ ಕಾಲು ಇನ್ನೊಬ್ಬರು ನೋಡಿ.

ಮೊಣಕಾಲವರೆಗಿನ ಒತ್ತು ನೇಯ್ಗೆಯ ಲೀಚ್ ಸಾಕ್ಸ್ ಎಲ್ಲರಿಗೂ ಒಂದೊಂದು ಜೊತೆ ತರಿಸಿದ್ದೇವೆ. ಪ್ಯಾಂಟನ್ನು ಅದರೊಳಗೆ ತುರುಕಬೇಕು, ಮೇಲೆ ಬಿಡಬಾರದು. ಮಾಮೂಲಿ ಸಾಕ್ಸಿನ ಹೆಣಿಗೆಯ ಸಂದಿಯಲ್ಲಿ ಸಣ್ಣ ಉಂಬಳ ಸಲೀಸಾಗಿ ತೂರುತ್ತದೆ. ಬೇವಿನೆಣ್ಣೆ, ಕೊಬ್ಬರಿ ಎಣ್ಣೆ ಮಳೆಗೆ ಬೇಗ ತೊಳೆದು ಹೋಗುತ್ತದೆ. ಹಳ್ಳಿಯ ಉಪಾಯ ಹೆಚ್ಚು ಬಾಳುತ್ತದೆ: ಕೋಲಿನ ತುದಿಗೆ ಬಟ್ಟೆಯಲ್ಲಿ ಒಂದು ಹಿಡಿ ಉಪ್ಪು ಮತ್ತು ಹೊಗೆಸೊಪ್ಪಿನ ಚೂರು ಕಟ್ಟಿ ಒದ್ದೆ ಮಾಡಿ, ಶೂ ಮೇಲೆ ಹತ್ತಿದ್ದಕ್ಕೆ ಮುಟ್ಟಿಸುವುದು. ಉದುರುತ್ತದೆ. ಅಂಥ ನಾಲ್ಕು ಕೋಲು ಸಾಕು.

ಆದರೆ ಚರ್ಮಕ್ಕೆ ಕಚ್ಚಿ ಕೂತದ್ದಕ್ಕೆ ಉಪ್ಪು, ಬೆಂಕಿಕಡ್ಡಿ ಬೇಡ, ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಕ್ಕೇ ಕಕ್ಕುತ್ತದೆ. ಎಳೆಯಲೂ ಬೇಡ. ಸಪೂರ ತುದಿ ಬಾಯಿಯ ಕಡೆ. ಪಕ್ಕದ ಚರ್ಮವನ್ನು ಬಿಗಿ ಹಿಡಿದು ಆ ತುದಿಯಡಿ ಉಗುರನ್ನು ಅಡ್ಡಕ್ಕೆ ಜಾರಿಸಿದರೆ ಹಿಡಿತ ಬಿಡುತ್ತದೆ. ಕೂಡಲೇ ದಪ್ಪ ತುದಿಯನ್ನೂ ಹಾಗೇ ಬಿಡಿಸಿ ಚಿಮ್ಮಿ. ತಡ ಮಾಡಿದರೆ ಬೆರಳಿಗೇ ಅಂಟುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಬಿಟ್ಟಿರುವುದರಿಂದ ರಕ್ತ ಗಂಟೆಗಟ್ಟಲೆ ಒಸರಬಹುದು. ಸೋಪು ನೀರಲ್ಲಿ ತೊಳೆದು ಹತ್ತಿಯಿಟ್ಟು ಹತ್ತು ನಿಮಿಷ ಒತ್ತಿ ಹಿಡಿದು ಪಟ್ಟಿ ಕಟ್ಟಿ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಬೆಟ್ಟ ಹತ್ತುವುದು ಬೇಡ, ಜಗಲಿಯಲ್ಲಿ ಕಷಾಯ ಕುಡಿಯುತ್ತ ಮಳೆ ನೋಡಲಿ. ಅದೇನು ಕಡಿಮೆ ಸುಖವಲ್ಲ. ಹಳ್ಳದ ನೀರು ಕುಡಿಯಬೇಡಿ. ಮೂಗಿಗೆ, ಗಂಟಲಿಗೆ ಜಿಗಣೆ ಹೊಕ್ಕುವುದು ಹಾಗೆ.

ಆರೆಂಜ್ ಅಲರ್ಟಿನ ಬದಲಿ ಯೋಜನೆ: ಶನಿವಾರ ಜೋಗ ಮಾತ್ರ, ಭಾನುವಾರ ಬೆಟ್ಟದ ಬದಲು ಸಾಗರದ ಕಡೆ ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ. ಮಳೆಯಲ್ಲಿ ನೆನೆದ ಇಕ್ಕೇರಿಯ ಕಲ್ಲು ನೋಡಿದವರಿಗೆ ಜಲಪಾತ ತಪ್ಪಿತೆಂಬ ಕೊರಗು ಉಳಿಯದು.

ಬ್ಯಾಗಿನಲ್ಲಿ

ಜೀನ್ಸ್ ಬೇಡ, ಎರಡು ದಿನದಲ್ಲಿ ಒಣಗುವುದಿಲ್ಲ. ತೆಳು ಸಿಂಥೆಟಿಕ್ ಪ್ಯಾಂಟು ಎರಡು, ಸಾಕ್ಸ್ ಮೂರು ಜೊತೆ. ಕೊಡೆಗಿಂತ ರೇನ್‌ಕೋಟು, ಕೈ ಎರಡೂ ಖಾಲಿ ಇರಬೇಕು. ತಳದಲ್ಲಿ ಆಳವಾದ ಗೀರಿರುವ ಶೂ. ಸಾಗರದ ಅಂಗಡಿಯಲ್ಲಿ ತೋಟದ ಕೆಲಸದವರು ಕೊಳ್ಳುವ ರಬ್ಬರ್ ಶೂ ಇನ್ನೂ ಉತ್ತಮ. ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಆಮೇಲೆ ಬ್ಯಾಗಿಗೆ. ಬ್ಯಾಗಿನ ಹೊರಗಿನ ರೇನ್‌ಕವರನ್ನು ಮಾತ್ರ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಟಾರ್ಚು, ಪವರ್‌ಬ್ಯಾಂಕು, ತಮ್ಮ ತಮ್ಮ ಔಷಧಿ ಮೂರು ದಿನದ್ದು ಹೆಚ್ಚಿಗೆ.

ಹೆಗ್ಗರಣೆ ಕಡೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. ನಕ್ಷೆಯನ್ನು ಶುಕ್ರವಾರವೇ ಇಳಿಸಿಕೊಳ್ಳಿ, ಈ ಯೋಜನೆಯ ಒಂದು ಪ್ರತಿ ಮನೆಯಲ್ಲಿರುವವರಿಗೆ ಕೊಡಿ. ತುರ್ತಿಗೆ 112. ಹತ್ತಿರದ್ದು ಸಿದ್ದಾಪುರದ ತಾಲ್ಲೂಕು ಆಸ್ಪತ್ರೆ, ದೊಡ್ಡದು ಸಾಗರದಲ್ಲಿ.

ಊರಿಗೆ ಮರಳಿದ ಮೇಲೆ ನಾಲ್ಕು ವಾರದೊಳಗೆ ಯಾರಿಗಾದರೂ ಮೈಕೈ ನೋವಿನ ಜ್ವರ ಬಂದರೆ, ಮಳೆಗಾಲದಲ್ಲಿ ಮಲೆನಾಡಿನ ಕೆಸರು ನೀರಿನಲ್ಲಿ ಓಡಾಡಿದ್ದೆವು ಎಂದು ವೈದ್ಯರಿಗೆ ಮೊದಲೇ ಹೇಳಿ. ಇಲಿಜ್ವರದ ಪರೀಕ್ಷೆ ಅವರಿಗೆ ಹೊಳೆಯುವುದು ಆ ಮಾತಿನಿಂದ.