ಒಂಬತ್ತನೆಯ ನಡೆಯಿಂದ ಹನ್ನೊಂದರವರೆಗೆ

ದಾವಣಗೆರೆ, ಸೋಮವಾರ ರಾತ್ರಿ 9:50

`9. h3`

ಅಂಗಡಿಯ ಲೆಕ್ಕ ಮುಗಿಸಿ ಈಗಷ್ಟೇ ಫೋನಿನಲ್ಲಿ ನಮ್ಮ ಚದುರಂಗದ ಆಟ ತೆರೆದೆ. ನಿಮ್ಮ ಒಂಟೆ g4ಗೆ ಬಂದು ನನ್ನ ಕುದುರೆಯನ್ನು ರಾಣಿಯ ಮುಂದೆ ಕಟ್ಟಿಹಾಕದಿರಲಿ ಎಂದು ಈ ಕಾಲಾಳನ್ನು ಒಂದು ಮನೆ ಮುಂದಿಟ್ಟಿದ್ದೇನೆ. ನೀವು ಆಗಲೇ ರಾಜನನ್ನು ಕೋಟೆಯೊಳಗೆ ಸೇರಿಸಿಬಿಟ್ಟಿದ್ದೀರಿ. ಏಳು ಸುತ್ತಿನ ಕೋಟೆಯ ಊರಿನವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ನಿಮ್ಮ ನಡೆ ರಾತ್ರಿ ಹನ್ನೊಂದೂವರೆಯ ನಂತರವೇ ಬರುತ್ತದೆಂದು ಒಂಬತ್ತು ತಿಂಗಳಿನಿಂದ ಬಲ್ಲೆನಾದರೂ, ಹತ್ತು ಗಂಟೆಯಿಂದಲೇ ನಿಮ್ಮ ಹೆಸರಿನ ಪಕ್ಕದ ಹಸಿರು ಚುಕ್ಕೆಗಾಗಿ ಕಾಯುವ ಅಭ್ಯಾಸವಾಗಿಬಿಟ್ಟಿದೆ.

ಚಿತ್ರದುರ್ಗ, ಸೋಮವಾರ ರಾತ್ರಿ 11:42

`9... Na5`

ಒಂದು ನಡೆಗೆ ಮೂರು ದಿನಗಳ ಅವಕಾಶವಿದ್ದರೂ ನಾನು ಎರಡು ಗಂಟೆಯೊಳಗೆ ಉತ್ತರಿಸುತ್ತಿರುವುದನ್ನು ತಾವು ಗಮನಿಸಿಲ್ಲವೆಂದು ತೋರುತ್ತದೆ, ದಾವಣಗೆರೆಯವರೇ. ಔಷಧಿ ಅಂಗಡಿ ಮುಚ್ಚಿ, ಊಟ ಮುಗಿಸಿ, ಅಮ್ಮ ಮಲಗಿದ ಮೇಲೆ ಮರದ ಮಣೆಯನ್ನು ಹಾಸಿಗೆಯ ಮೇಲೆ ಹರಡಿಕೊಂಡು ನಿಮ್ಮ ನಡೆಯನ್ನು ಅದರ ಮೇಲೆ ಆಡಿ ನೋಡುತ್ತೇನೆ. ಅದರಲ್ಲಿ ಕರಿಯ ಕಾಲಾಳೊಂದು ಕಳೆದುಹೋಗಿರುವುದರಿಂದ ಆ ಜಾಗದಲ್ಲಿ ಹುಣಸೆ ಬೀಜವನ್ನಿಟ್ಟಿದ್ದೇನೆ. ಈಗ ನನ್ನ ಕುದುರೆ ನಿಮ್ಮ ಒಂಟೆಯ ಮೇಲೆ ಎರಗಲು ಬಂದು ನಿಂತಿದೆ. ಓಡುವಿರೋ, ನಿಲ್ಲುವಿರೋ?

ದಾವಣಗೆರೆ, ಮಂಗಳವಾರ ರಾತ್ರಿ 10:05

`10. Bc2`

ಓಡುತ್ತಿಲ್ಲ, ನಿಮ್ಮ ರಾಜನ ಮನೆಯ ಕಡೆಗೆ ದೂರದಿಂದ ನೋಡುವುದಕ್ಕೆ ಒಳ್ಳೆಯ ಜಾಗ ಹಿಡಿಯುತ್ತಿದ್ದೇನೆ. ಆ ಹುಣಸೆ ಬೀಜದ ವಿಷಯ ಓದಿದಾಗಿನಿಂದ ಅದು ಯಾವ ಮನೆಯಲ್ಲಿದೆಯೆಂದು ಯೋಚಿಸುತ್ತಲೇ ಇದ್ದೇನೆ. ಅದನ್ನು ಹೊಡೆಯಲು ನನಗೆ ಮನಸ್ಸು ಬಾರದು.

ಒಂದು ಪಂದ್ಯ ಕಟ್ಟೋಣವೇ? ಈ ಹದಿನೈದನೆಯ ಆಟವನ್ನು ನೀವು ಗೆದ್ದರೆ, ನೀವು ನಮ್ಮೂರಿಗೆ ಬಂದು ನಾನು ಕೊಡಿಸುವ ಬೆಣ್ಣೆದೋಸೆಯನ್ನು ತಿನ್ನಬೇಕು, ಕಾವಲಿಯಿಂದ ಇಳಿದ ಕೂಡಲೇ, ಮೇಲಿಟ್ಟ ಬೆಣ್ಣೆ ಕರಗುವ ಮೊದಲೇ. ನಾನು ಗೆದ್ದರೆ, ನಿಮ್ಮ ಕೋಟೆಯನ್ನು ನೀವೇ ನಡೆಸಿಕೊಂಡು ಹೋಗಿ ತೋರಿಸಬೇಕು. 1997ರವರೆಗೆ ನಾವು ಒಂದೇ ಜಿಲ್ಲೆಯವರಾಗಿದ್ದವರು. ನಡುವೆ ಗಡಿ ಎಳೆದವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ಚಿತ್ರದುರ್ಗ, ಮಂಗಳವಾರ ರಾತ್ರಿ 11:38

`10... c5`

ಇದೇ ನೋಡಿ ಹುಣಸೆ ಬೀಜ. ಹೊಡೆಯುವುದಿಲ್ಲವೆಂದು ಬರೆದುಕೊಟ್ಟಿದ್ದೀರಿ, ನೆನಪಿರಲಿ.

ನಿಮ್ಮ ಪಂದ್ಯವನ್ನು ಎರಡು ಸಲ ಓದಿದೆ. ಕುದುರೆಯೊಂದು ಏಕಕಾಲಕ್ಕೆ ಎರಡು ಕಾಯಿಗಳ ಮೇಲೆ ಎರಗುವಂತೆ, ಗೆದ್ದರೂ ಸೋತರೂ ನಾನು ನಿಮ್ಮೆದುರು ಬಂದು ನಿಲ್ಲಬೇಕಾದ ಹಾಗೆ ಅದನ್ನು ಹೆಣೆದಿದ್ದೀರಿ. ಸ್ಪೇನಿನ ಪಾದ್ರಿಯೊಬ್ಬನ ಹೆಸರಿನ ಆರಂಭವನ್ನು ಆಡುತ್ತಾ ಇಂತಹ ಯೋಚನೆ ಮಾಡಬಹುದೇ? ಕೋಟೆಯಲ್ಲಿ ಕಿಂಡಿ ಹುಡುಕುವವರಿಗೆ ನಮ್ಮೂರಿನಲ್ಲಿ ಒನಕೆಯಿಂದ ಸ್ವಾಗತ ಸಿಗುತ್ತದೆಂಬುದನ್ನು ತಾವು ಶಾಲೆಯಲ್ಲೇ ಓದಿರಬೇಕು.

ಆದರೂ ಕೇಳುತ್ತೇನೆ. ಡ್ರಾ ಆದರೆ?

ದಾವಣಗೆರೆ, ಮಂಗಳವಾರ ರಾತ್ರಿ 11:44

`11. d4`

ಒನಕೆ ಹಿಡಿದು ನೀವೇ ನಿಲ್ಲುವುದಾದರೆ ಬಾಗಿಲು ಬಿಟ್ಟು ಕಿಂಡಿಯಿಂದಲೇ ಬರುತ್ತೇನೆ.

ಡ್ರಾ ಆಗುವ ಪ್ರಶ್ನೆಯೇ ಇಲ್ಲವೆಂದುಕೊಂಡಿದ್ದೆ. 14 ಆಟಗಳಲ್ಲಿ ಆರು ನಿಮ್ಮವು, ಐದು ನನ್ನವು. ಉಳಿದ ಮೂರರಲ್ಲಿಯೂ ಡ್ರಾ ಕೇಳಿದವನು ನಾನು. ಒಂದು ಕಾಲಾಳು ಕಡಿಮೆಯಿದ್ದಾಗಲೂ ನೀವು ಕೇಳಿದವರಲ್ಲ. ಆದರೂ ಕೇಳಿದ್ದೀರಾದ್ದರಿಂದ ಹೇಳುತ್ತೇನೆ: ಡ್ರಾ ಆದರೆ ಇಬ್ಬರೂ ನಡುದಾರಿಗೆ ಬರೋಣ. ಭರಮಸಾಗರದಲ್ಲಿ ಹೆದ್ದಾರಿಯ ಪಕ್ಕದ ಯಾವುದಾದರೂ ಹೋಟೆಲಿನಲ್ಲಿ ಒಂದೊಂದು ಚಹಾ. ಮಣೆ ನೀವು ತನ್ನಿ, ಕಳೆದುಹೋದ ಕಾಲಾಳಿಗೆ ಬದಲಿಯನ್ನು ನಾನು ತರುತ್ತೇನೆ.

ಆರು ನಿಮಿಷದಲ್ಲಿ ಇಷ್ಟು ಉದ್ದ ಬರೆದು, ಯೋಚಿಸದೆ ನಡೆಯನ್ನೂ ಆಡಿಬಿಟ್ಟಿದ್ದೇನೆ. ನಿಮ್ಮ ಧ್ವನಿಯನ್ನೇ ಕೇಳಿರದ ನನಗೆ, ನಿಮ್ಮ ಪ್ರತಿ ವಾಕ್ಯವೂ ಒಂದು ಧ್ವನಿಯಲ್ಲೇ ಕೇಳಿಸುತ್ತದೆ. ಅದು ಸರಿಯೋ ತಪ್ಪೋ ಎಂದು ತಿಳಿಯಬೇಕಾಗಿದೆ.

ಚಿತ್ರದುರ್ಗ, ಬುಧವಾರ ರಾತ್ರಿ 12:20

`11... Qc7`

ಭರಮಸಾಗರ ನಡುದಾರಿಯಲ್ಲ, ನಮ್ಮ ದುರ್ಗಕ್ಕೇ ಹತ್ತಿರ. ಹೆಚ್ಚು ದೂರ ಬರಬೇಕಾದವರು ನೀವೇ ಎಂಬುದು ತಿಳಿದೇ ಆ ಊರನ್ನು ಆರಿಸಿದ್ದೀರೆಂದು ನಂಬಿದ್ದೇನೆ.

ಮಧ್ಯದ ಕಾಲಾಳನ್ನು ಕಾಯುವುದಕ್ಕೆಂದು ನನ್ನ ರಾಣಿ ಒಂದು ಹೆಜ್ಜೆ ಹೊರಗೆ ಬಂದಿದ್ದಾಳೆ. ಹುಣಸೆ ಬೀಜಕ್ಕೆ ಬದಲಿ ಬೇಡ, ಅದು ಅಲ್ಲಿಯೇ ಇರಲಿ. ನಿಮ್ಮ ಕೈಯಲ್ಲಿ ಅದನ್ನು ಹಿಡಿದು ನೋಡಬೇಕೆಂದಿದ್ದರೆ ಮಾತ್ರ ತೆಗೆದುಕೊಡುತ್ತೇನೆ.

ನಡೆಯ ಜೊತೆಗೆ ಡ್ರಾ ಕೂಡ ಕೇಳಿದ್ದೇನೆ. ಮಣೆಯ ಕೆಳಗೆ ಬಟನ್ ಕಾಣಿಸುತ್ತಿರಬೇಕು. ಭಾನುವಾರ ನಮ್ಮ ಅಂಗಡಿಗೆ ಮಧ್ಯಾಹ್ನದ ನಂತರ ರಜೆ.