ಹಲೋ, ಭಟ್ಟರಾ?

ಪಾತ್ರಗಳು
ಸಾವಿತ್ರಮ್ಮ: ಮೈಸೂರು, ಕುವೆಂಪುನಗರ. ಅರವತ್ತು ದಾಟಿದೆ. ಭಾನುವಾರ ಮೊಮ್ಮಗಳ ನಾಮಕರಣ.
ರುದ್ರಪ್ಪ: ತಿಪಟೂರಿನ ಹತ್ತಿರದ ಹಳ್ಳಿ. ತೆಂಗಿನ ತೋಟ ಇದೆ.
ಗಂಗಮ್ಮ: ರುದ್ರಪ್ಪನ ಹೆಂಡತಿ.

(ರಂಗದ ಎಡಕ್ಕೆ ಒಂದು ಕುರ್ಚಿ, ಗೋಡೆಗೆ ಕ್ಯಾಲೆಂಡರ್. ಬಲಕ್ಕೆ ಎತ್ತರದ ಮೇಜು, ಅದೇ ಅಟ್ಟ. ಮೇಲೆ ತೆಂಗಿನಕಾಯಿ ರಾಶಿ, ನಡುವೆ ಕುಕ್ಕರುಗಾಲಲ್ಲಿ ಕೂತ ರುದ್ರಪ್ಪ. ಏಣಿ ಮಾತ್ರ ನಿಜವಾದದ್ದೇ ಇರಲಿ. ಕೈಯಲ್ಲಿ ಅಭಿನಯಿಸಿ ತೋರಿಸಿದರೆ ಕೊನೆಯ ದೃಶ್ಯ ಕೆಡುತ್ತದೆ. ಶುರುವಿನಲ್ಲಿ ಅದು ಕಾಣಬಾರದು. ಒಳಗಿನಿಂದ ಟಿವಿ ಧಾರಾವಾಹಿಯ ಸದ್ದು.)

ಸಾವಿತ್ರಮ್ಮ: (ಕ್ಯಾಲೆಂಡರ್ ನೋಡಿ ನಂಬರ್ ಒತ್ತುತ್ತಾ) ಕೊನೇದು ಆರೋ, ಸೊನ್ನೆಯೋ? ಎಣ್ಣೆ ಕೈಯಲ್ಲಿ ಬರೆದರೆ ಇದೇ ಗತಿ. ಆರೇ ಇರಲಿ. ಹಲೋ, ಸುಬ್ಬಣ್ಣ ಭಟ್ಟರಾ?

ರುದ್ರಪ್ಪ: (ಥಟ್ಟನೆ) ಹೇಳಿ, ಹೇಳಿ, ಹೇಳಿ! ಇಡಬೇಡಿ!

ಸಾವಿತ್ರಮ್ಮ: ಇನ್ನೂ ಶುರುನೇ ಮಾಡಿಲ್ಲ, ಯಾಕೆ ಇಡಲಿ? ಭಾನುವಾರ ನಾಮಕರಣ. ಎಂಬತ್ತು ಎಲೆ. ಆಗುತ್ತಲ್ವಾ?

ರುದ್ರಪ್ಪ: ಎಲೆ ತಾನೇ? ಹಿತ್ತಲಲ್ಲೇ ಬಾಳೆ ಇದೆ. ಎಷ್ಟು ಬೇಕಾದರೂ ಕುಯ್ಕೊಳ್ಳಿ.

ಸಾವಿತ್ರಮ್ಮ: ಎಲೆ ನಾನು ತರಿಸ್ತೀನಿ. ಅಡುಗೆ ಹೇಳಿ. ಅಕ್ಕಿ ಎಷ್ಟು ತರಿಸಲಿ?

ರುದ್ರಪ್ಪ: (ಯೋಚಿಸಿ) ಒಂದು ಕ್ವಿಂಟಾಲ್.

ಸಾವಿತ್ರಮ್ಮ: ಕ್ವಿಂಟಾಲಾ? ಭಟ್ಟರೇ, ತಲೆಗೆ ನೂರು ಗ್ರಾಂ ಅಂತ ಹಿಡಿದರೂ ಎಂಟು ಕೆ.ಜಿ. ಸಾಕು!

ರುದ್ರಪ್ಪ: ನಮ್ಮದು ಎಲ್ಲಾ ಕ್ವಿಂಟಾಲ್ ಲೆಕ್ಕನೇ ಅಮ್ಮ. ನಾಲಗೆಗೆ ಅಭ್ಯಾಸ ಆಗಿಬಿಟ್ಟಿದೆ.

ಸಾವಿತ್ರಮ್ಮ: ಸರಿ. ಸಿಹಿಗೆ ಚಿರೋಟಿ ಅಂದುಕೊಂಡಿದೀನಿ. ಪದರ ಪದರ ಬರಬೇಕು.

ರುದ್ರಪ್ಪ: ಬರುತ್ತೆ, ಬರುತ್ತೆ. ಚೆನ್ನಾಗಿ ಬೇಯಿಸಿದರೆ ಯಾಕೆ ಬರಲ್ಲ?

ಸಾವಿತ್ರಮ್ಮ: (ಎದ್ದು ನಿಂತು) ಚಿರೋಟಿನ ಬೇಯಿಸ್ತೀರಾ? ಯಾರ್ರೀ ನೀವು?

ರುದ್ರಪ್ಪ: ...ರುದ್ರಪ್ಪ.

ಸಾವಿತ್ರಮ್ಮ: ಮತ್ತೆ ಭಟ್ಟರಾ ಅಂದಾಗ ಹೂಂ ಅಂದ್ರಲ್ಲ!

ರುದ್ರಪ್ಪ: ಹೂಂ ಅನ್ನಲಿಲ್ಲ ತಾಯಿ. ಹೇಳಿ ಅಂದೆ. ನೀವು ಹೇಳಿದ್ರಿ.

ಸಾವಿತ್ರಮ್ಮ: ರಾಂಗ್ ನಂಬರ್ ಅಂತ ಒಂದು ಮಾತು ಅಂದಿದ್ದರೆ ಮುಗೀತಿತ್ತು. ಇಡ್ತೀನಿ.

ರುದ್ರಪ್ಪ: ಅಯ್ಯೋ, ಇಡಬೇಡಿ! ನಾನು ಅಟ್ಟದ ಮೇಲಿದೀನಿ!

ಸಾವಿತ್ರಮ್ಮ: ಇರಿ, ನನಗೇನು?

ರುದ್ರಪ್ಪ: ಏಣಿ ಇಲ್ಲ.

(ಮೌನ. ಟಿವಿಯಲ್ಲಿ ಯಾರೋ ಜೋರಾಗಿ ಅಳುತ್ತಾರೆ.)

ಸಾವಿತ್ರಮ್ಮ: ಹತ್ತುವಾಗ ಇತ್ತಾ?

ರುದ್ರಪ್ಪ: ಹತ್ತುವಾಗ ಇತ್ತಮ್ಮ. ನಾನು ಇಳಿದುಬಿಟ್ಟೆ ಅಂದುಕೊಂಡು ನಮ್ಮ ಮನೆಯವಳು ನುಗ್ಗೆಕಾಯಿ ಕೀಳೋಕೆ ತಗೊಂಡು ಹೋದಳು. ಮರಕ್ಕೇ ಒರಗಿಸಿ ಬಂದಳು. ಈಗ ಧಾರಾವಾಹಿ ನೋಡ್ತಿದಾಳೆ.

ಸಾವಿತ್ರಮ್ಮ: ಕೂಗಿ.

ರುದ್ರಪ್ಪ: ಕೂಗಿದೆ. ಟಿವಿಯಲ್ಲಿ ಅತ್ತೆ ನನಗಿಂತ ಜೋರಾಗಿ ಕೂಗ್ತಾಳೆ.

ಸಾವಿತ್ರಮ್ಮ: ಹಾಗಾದರೆ ಫೋನ್ ಮಾಡಿ! ಕೈಯಲ್ಲೇ ಇದೆಯಲ್ಲ!

ರುದ್ರಪ್ಪ: ಇದು ಅವಳ ಫೋನು. ಟಾರ್ಚ್‌ಗೆ ಅಂತ ತಂದೆ. ದಿನಾ ರಾತ್ರಿ ತಂಗಿ ಹತ್ರ ಮಾತಾಡಿ ಮಾತಾಡಿ ಕರೆನ್ಸಿ ಖಾಲಿ. ಬರೋ ಫೋನ್ ಮಾತ್ರ ಬರುತ್ತೆ. ಇವತ್ತು ಬಂದಿದ್ದು ನಿಮ್ಮದು ಒಂದೇ.

ಸಾವಿತ್ರಮ್ಮ: (ಕೂತುಕೊಂಡು) ಅಟ್ಟದ ಮೇಲೆ ಏನು ಕೆಲಸ ನಿಮಗೆ?

ರುದ್ರಪ್ಪ: ಕೊಬ್ಬರಿ ಆಗಿದೆಯಾ ನೋಡೋಕೆ. ಕಾಯಿ ಹಾಕಿ ಹತ್ತತ್ರ ಹನ್ನೊಂದು ತಿಂಗಳಾಯ್ತು. ಒಳಗೆ ನೀರು ಬತ್ತಬೇಕು, ಕೊಬ್ಬರಿ ಚಿಪ್ಪು ಬಿಡಬೇಕು. ಆಮೇಲೇ ಸಿಪ್ಪೆ ಸುಲಿಸೋದು.

ಸಾವಿತ್ರಮ್ಮ: ಅದು ಗೊತ್ತಾಗೋದು ಹೇಗೆ?

ರುದ್ರಪ್ಪ: ಅಲ್ಲಾಡಿಸಿದರೆ ಹೇಳುತ್ತೆ. ಕೇಳ್ತೀರಾ? (ಒಂದು ಕಾಯಿಯನ್ನು ಫೋನಿನ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಗಡಗಡ ಸದ್ದು.)

ಸಾವಿತ್ರಮ್ಮ: ಕೇಳಿಸ್ತು! ಇನ್ನೊಂದು?

(ರುದ್ರಪ್ಪ ಇನ್ನೊಂದು ಅಲ್ಲಾಡಿಸುತ್ತಾನೆ. ಸದ್ದಿಲ್ಲ.)

ಸಾವಿತ್ರಮ್ಮ: ಇದು ಇನ್ನೂ ಆಗಿಲ್ಲ. ಪಕ್ಕಕ್ಕಿಡಿ.

ರುದ್ರಪ್ಪ: ಇಟ್ಟೆ. ಇದು? (ಗಡಗಡ.)

ಸಾವಿತ್ರಮ್ಮ: ಆಗಿದೆ. ಇದು ನಮಗಿರಲಿ. ಕೊಬ್ಬರಿ ಸಕ್ಕರೆ ಹಂಚಬೇಕು.

ರುದ್ರಪ್ಪ: ತಗೊಳ್ಳಿ, ಒಂದು ಯಾಕೆ? ಮೊದಲು ನನ್ನ ಇಳಿಸಿ.

ಸಾವಿತ್ರಮ್ಮ: ಮೈಸೂರಿಂದ ಏಣಿ ಹೇಗೆ ತರಲಿ? ಅರಸೀಕೆರೆಯಲ್ಲಿ ಟ್ರೈನ್ ಬದಲಾಯಿಸಬೇಕಾದರೆ ಏಣಿ ಇಳಿಸಿ ಹತ್ತಿಸೋದು ಯಾರು?

ರುದ್ರಪ್ಪ: ಏಣಿ ಬೇಡ. ನನ್ನ ಫೋನ್ ಕೆಳಗೆ ಚಾರ್ಜಿಗೆ ಹಾಕಿದೆ. ಟಿವಿ ಪಕ್ಕದಲ್ಲೇ. ನಂಬರ್ ಕೊಡ್ತೀನಿ. ಅದಕ್ಕೆ ಮಾಡಿ ಹೇಳಿ.

ಸಾವಿತ್ರಮ್ಮ: ಹಾಗಾದರೆ ಇದನ್ನ ಇಡಬೇಕು.

ರುದ್ರಪ್ಪ: (ಗಾಬರಿ) ಇಟ್ಟರೆ ಮತ್ತೆ ಮಾಡ್ತೀರಾ?

ಸಾವಿತ್ರಮ್ಮ: ಮಾಡ್ತೀನ್ರೀ.

ರುದ್ರಪ್ಪ: ಚಾಮುಂಡೇಶ್ವರಿ ಆಣೆ?

ಸಾವಿತ್ರಮ್ಮ: ರಾಂಗ್ ನಂಬರಿಗೆ ಆಣೆ ಬೇರೆ! ನಂಬರ್ ಹೇಳಿ.

(ರುದ್ರಪ್ಪ ಪಿಸುಗುಟ್ಟುತ್ತಾನೆ, ಅವರು ಕ್ಯಾಲೆಂಡರ್ ಮೇಲೆ ಬರೆದುಕೊಳ್ಳುತ್ತಾರೆ. ಕತ್ತಲಲ್ಲಿ ರುದ್ರಪ್ಪ. ಕೆಳಗೆ ಫೋನ್ ರಿಂಗಾಗುತ್ತದೆ. ಗಂಗಮ್ಮ ಟಿವಿಯ ಕಡೆಯಿಂದ ಕಣ್ಣು ತೆಗೆಯದೆ ಎತ್ತಿಕೊಳ್ಳುತ್ತಾಳೆ.)

ಗಂಗಮ್ಮ: ಯಾರು?

ಸಾವಿತ್ರಮ್ಮ: ನೋಡಿಮ್ಮಾ, ನಾನು ಮೈಸೂರಿಂದ. ನಿಮ್ಮೆಜಮಾನ್ರು ಅಟ್ಟದ ಮೇಲಿದಾರೆ.

ಗಂಗಮ್ಮ: ಯಾರ ಎಜಮಾನ್ರು?

ಸಾವಿತ್ರಮ್ಮ: ನಿಮ್ಮವರೇ. ಏಣಿ ನುಗ್ಗೆಮರದ ಹತ್ರ ಇದೆ.

ಗಂಗಮ್ಮ: ಮೈಸೂರಲ್ಲಿ ಕೂತು ನಮ್ಮ ನುಗ್ಗೆಮರ ನೋಡ್ತಿದೀರಾ? ರಾಂಗ್ ನಂಬರ್! (ಕಟ್ ಮಾಡುತ್ತಾಳೆ. ಟಿವಿ ನೋಡುತ್ತಾಳೆ. ಒಂದು ಕ್ಷಣ ಬಿಟ್ಟು ಮೇಲೆ ನೋಡುತ್ತಾಳೆ. ಸೆರಗು ಸಿಕ್ಕಿಸಿಕೊಂಡು ಹೊರಗೆ ಹೋಗುತ್ತಾಳೆ.)

(ಅಟ್ಟದಲ್ಲಿ ಫೋನ್ ರಿಂಗಾಗುತ್ತದೆ.)

ರುದ್ರಪ್ಪ: ಮಾಡಿದ್ರಿ! ನೀವು ದೇವರು!

ಸಾವಿತ್ರಮ್ಮ: ನಿಮ್ಮ ಮನೆಯವರು ನನಗೇ ರಾಂಗ್ ನಂಬರ್ ಅಂದುಬಿಟ್ರು. ನನಗೆ! ಜನಕ್ಕೆ ಮರ್ಯಾದೆ ಅನ್ನೋದೇ ಇಲ್ಲ.

ರುದ್ರಪ್ಪ: ಏನು ಹೇಳಿದ್ರಿ ಅವಳಿಗೆ?

ಸಾವಿತ್ರಮ್ಮ: ನಿಮ್ಮೆಜಮಾನ್ರು ಎಲ್ಲಿದಾರೆ ಅಂತ ನನಗೆ ಗೊತ್ತು ಅಂದೆ.

ರುದ್ರಪ್ಪ: ಅಯ್ಯೋ ಶಿವನೇ! ಹೆಂಗಸಿನ ದನಿಯಲ್ಲಿ ಆ ಮಾತು ಹೇಳಿದ್ರಾ? ಅಮ್ಮ, ಏಣಿ ಬೇಡ. ನಾನು ಇಲ್ಲೇ ಇರ್ತೀನಿ. ಕೊಬ್ಬರಿ ತಿಂದ್ಕೊಂಡು ಬದುಕ್ತೀನಿ.

(ಗಂಗಮ್ಮ ಏಣಿ ಹೊತ್ತು ಬಂದು ಅಟ್ಟಕ್ಕೆ ಒರಗಿಸುತ್ತಾಳೆ. ರುದ್ರಪ್ಪ ಇಳಿಯಲು ಕಾಲು ಚಾಚುತ್ತಾನೆ. ಅವಳೇ ಹತ್ತಿ ಬರುತ್ತಾಳೆ. ಅವನ ಕಾಲು ವಾಪಸ್.)

ಗಂಗಮ್ಮ: (ಏಣಿಯ ಮೇಲೆ ನಿಂತೇ) ರೀ, ಯಾರದು ಮೈಸೂರಿನವಳು?

ರುದ್ರಪ್ಪ: ಗೊತ್ತಿಲ್ಲ ಕಣೇ. ಎಂಬತ್ತು ಜನಕ್ಕೆ ಅಡುಗೆ ಮಾಡಬೇಕಂತೆ ನಾನು.

ಗಂಗಮ್ಮ: ನೀವಾ? ಕಾಫಿ ಕಾಯಿಸೋಕೆ ಬರಲ್ಲ! ಕೊಡಿ ಇಲ್ಲಿ. (ಫೋನ್ ಕಿತ್ತುಕೊಂಡು) ಯಾರಮ್ಮಾ ನೀನು?

ಸಾವಿತ್ರಮ್ಮ: ನಾನು ಸಾವಿತ್ರಿ. ಮೊಮ್ಮಗಳ ನಾಮಕರಣ ಇಟ್ಟುಕೊಂಡಿದೀನಿ. ಭಟ್ಟರಿಗೆ ಮಾಡಿದ್ದು ನಿಮಗೆ ಬಂತು.

ಗಂಗಮ್ಮ: (ದನಿ ಮೆತ್ತಗಾಗಿ) ಮೊಮ್ಮಗಳಾ? ಮಗನ ಮಗಳೋ, ಮಗಳ ಮಗಳೋ?

ಸಾವಿತ್ರಮ್ಮ: ಮಗಳ ಮಗಳು. ಚಿರೋಟಿ ಮಾಡಿಸೋಣ ಅಂತ.

ಗಂಗಮ್ಮ: ಚಿರೋಟಿ ಎಂಬತ್ತು ಜನಕ್ಕೆ ಯಾಕೆ ಅಕ್ಕ? ಲಟ್ಟಿಸಿ ಲಟ್ಟಿಸಿ ಕೈ ಬೀಳುತ್ತೆ. ಸುಮ್ನೆ ಕಾಯಿ ಒಬ್ಬಟ್ಟು ಮಾಡಿಸಿ. ಹುಳಿಗೆ ತರಕಾರಿ ಏನು?

ಸಾವಿತ್ರಮ್ಮ: ಕುಂಬಳಕಾಯಿ.

ಗಂಗಮ್ಮ: ಅಯ್ಯೋ, ನುಗ್ಗೆಕಾಯಿ ಹಾಕ್ಸಿ. ಈಗ ತಾನೇ ಒಂದು ಹೊರೆ ಕಿತ್ತಿದೀನಿ. (ಮಾತಾಡುತ್ತಲೇ ಒಂದೊಂದೇ ಮೆಟ್ಟಿಲು ಇಳಿಯುತ್ತಾಳೆ.) ಬಾಣಂತಿಗೆ ಏನು ಕೊಡ್ತಿದೀರಿ? ಕೊಬ್ಬರಿ, ಬೆಲ್ಲ, ಅಂಟು ಹಾಕಿ ಉಂಡೆ ಕಟ್ಟಿದ್ದೀರಾ?

ರುದ್ರಪ್ಪ: ಗಂಗಾ, ನಾನು ಇಳೀಲಾ?

ಗಂಗಮ್ಮ: ಹಾಂ ಅಕ್ಕ, ಎಷ್ಟು ಉದ್ದ ಇದೆ ಅಂತೀರಾ? ಇರಿ, ಒಂದು ತೋರಿಸ್ತೀನಿ... ಅಯ್ಯೋ, ಫೋನಲ್ಲಿ ಕಾಣಲ್ಲ ಅಲ್ವಾ? ಮರದಲ್ಲಿ ಇನ್ನೂ ಇದೆ. ಎಂಬತ್ತು ಎಲೆಗೆ ಸಾಲಲ್ಲ, ಇನ್ನೊಂದಷ್ಟು ಕಿತ್ತೇಬಿಡ್ತೀನಿ.

(ಫೋನ್ ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಏಣಿ ಎತ್ತಿಕೊಳ್ಳುತ್ತಾಳೆ.)

ರುದ್ರಪ್ಪ: ಏ! ಏಣಿ! ಗಂಗಾ!

ಗಂಗಮ್ಮ: (ತಿರುಗಿ) ಸ್ವಲ್ಪ ಸುಮ್ನಿರ್ರೀ, ಫೋನಲ್ಲಿದೀನಿ. (ಹೊರಗೆ ಹೋಗುತ್ತಾ) ಅವರೇ ಅಕ್ಕ. ಏನಿಲ್ಲ, ಕೊಬ್ಬರಿ ನೋಡ್ತಿದಾರೆ.

(ತೆರೆ)