ನಿಮ್ಮ ಪ್ರಚಾರದ ಆಫರ್ ಬಗ್ಗೆ

ನಮಸ್ಕಾರ ಮೇಡಂ,

ನಿಮ್ಮ ಪ್ರೀ-ವರ್ಕೌಟ್ ಪುಡಿಯ ಪ್ರಚಾರಕ್ಕೆ ನನ್ನನ್ನು ಕೇಳಿದ್ದಕ್ಕೆ ಥ್ಯಾಂಕ್ಸ್. ಸ್ಯಾಂಪಲ್ ಡಬ್ಬಿ ಬಂದು ತಲುಪಿದೆ, ಸ್ಕ್ರಿಪ್ಟನ್ನೂ ಪೂರ್ತಿ ಓದಿದೆ. ಆದರೆ ಈ ಪ್ರಚಾರವನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ನನ್ನ ಚಾನೆಲ್ ನೋಡುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಕುರ್ಚಿ ಮೇಲೆ ಕೂತು ಮಾಡುವ ವ್ಯಾಯಾಮಕ್ಕಾಗಿ ಬರುತ್ತಾರೆ. "ಬಿಪಿ ಮಾತ್ರೆ ತಗೋತೀನಿ, ಇದನ್ನು ಮಾಡಬಹುದಾ?" ಅಂತ ಪ್ರತಿ ವಿಡಿಯೋದ ಕೆಳಗೂ ಯಾರಾದರೂ ಕೇಳಿರುತ್ತಾರೆ. ನಿಮ್ಮ ಡಬ್ಬಿಯ ಮೇಲೆ ಒಂದು ಸ್ಕೂಪಿಗೆ 300 ಮಿಲಿಗ್ರಾಂ ಕೆಫೀನ್ ಅಂತಿದೆ. ಆರೋಗ್ಯವಾಗಿರುವ ವಯಸ್ಕರಿಗೇ ಒಂದು ಸಲಕ್ಕೆ 200 ಮಿಲಿಗ್ರಾಂವರೆಗೆ ತೊಂದರೆಯಿಲ್ಲ ಅನ್ನುತ್ತದೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ. ಇನ್ನು ಬಿಪಿ ಇರುವವರ ಮುಂದೆ "ದಿನಾ ಎರಡು ಸ್ಕೂಪ್" ಅಂತ ನಾನು ಹೇಗೆ ಹೇಳಲಿ? ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ನೀವೇ "ಹೃದಯದ ತೊಂದರೆ ಇರುವವರು ಬಳಸಬಾರದು" ಅಂತ ಬರೆದಿದ್ದೀರಿ. ಸ್ಕ್ರಿಪ್ಟಿನಲ್ಲಿ ಮಾತ್ರ ಆ ಸಾಲೇ ಇಲ್ಲ! ಅದನ್ನು ಸೇರಿಸಿದರೂ ನನ್ನ ಉತ್ತರ ಬದಲಾಗುವುದಿಲ್ಲ ಬಿಡಿ.

ಹಣ ಕಡಿಮೆಯಾಯಿತು ಅಂತಲ್ಲ, ನೀವು ಹೇಳಿದ ಮೊತ್ತ ಚೆನ್ನಾಗಿಯೇ ಇತ್ತು. ಹಾಗಾಗಿ ದಯವಿಟ್ಟು ಜಾಸ್ತಿ ಮಾಡಿ ಮತ್ತೆ ಕಳಿಸಬೇಡಿ.

ಜಿಮ್‌ನಲ್ಲಿ ಭಾರ ಎತ್ತುವ ಹುಡುಗರಿಗಾಗಿ ವಿಡಿಯೋ ಮಾಡುವವರನ್ನು ಕೇಳಿ ನೋಡಿ, ಅಲ್ಲಿ ಇದು ಹೊಂದಬಹುದು. ನಿಮ್ಮಲ್ಲಿ ಎಳೆಯುವ ರಬ್ಬರ್ ಬ್ಯಾಂಡ್ ಇದ್ದರೆ ತಿಳಿಸಿ, ಖಂಡಿತ ಮಾತಾಡೋಣ. ಸ್ಯಾಂಪಲ್ ಡಬ್ಬಿಯ ಸೀಲ್ ಒಡೆದಿಲ್ಲ. ವಿಳಾಸ ಕಳಿಸಿದರೆ ವಾಪಸ್ ಕೊರಿಯರ್ ಮಾಡುತ್ತೇನೆ.

ವಂದನೆಗಳು.